ಒರೆಸಿದ ನೆಲದಲ್ಲಿ ಗ್ರಾಹಕರು ಜಾರಿ ಬಿದ್ದಾಗ: ಅಂಗಡಿ ಮಾಲೀಕರ ಹೊಣೆ ಎಲ್ಲಿಂದ ಎಲ್ಲಿಯವರೆಗೆ

ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಒಳಗೆ ಎರಡು ಉದ್ದನೆಯ ಓಣಿಗಳಿವೆ, ಎರಡೂ ಕೊನೆಯಲ್ಲಿ ಬಿಲ್ ಕೌಂಟರಿನ ಮುಂದಿನ ಜಾಗಕ್ಕೆ ಬಂದು ಸೇರುತ್ತವೆ, ನೆಲಕ್ಕೆ ನುಣುಪಾದ ಟೈಲ್ಸ್ ಹಾಕಿದೆ. ಸಂಜೆ 6 ಗಂಟೆ 10 ನಿಮಿಷಕ್ಕೆ ಕೆಲಸದವರೊಬ್ಬರು ಕೌಂಟರಿನ ಮುಂದಿನ ನೆಲವನ್ನು ಒರೆಸಿ, ‘ನೆಲ ಒದ್ದೆಯಾಗಿದೆ’ ಎಂಬ ಹಳದಿ ಫಲಕವನ್ನು ಮೊದಲನೆಯ ಓಣಿಯ ಬಾಯಿಯಲ್ಲಿ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿ, ಬಕೆಟ್ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗುತ್ತಾರೆ. ನಾಲ್ಕು ನಿಮಿಷದ ನಂತರ ಗ್ರಾಹಕರೊಬ್ಬರು ಎರಡನೆಯ ಓಣಿಯಿಂದ, ಕೈಯಲ್ಲಿ ಬುಟ್ಟಿ ಹಿಡಿದು, ಕೌಂಟರಿನ ಕಡೆಗೆ ತಿರುಗುತ್ತಾರೆ. ತಿರುಗುವಾಗ ಹಿಮ್ಮಡಿ ಜಾರುತ್ತದೆ, ಕೈಯೂರಿ ಬೀಳುತ್ತಾರೆ, ಬಲ ಮಣಿಕಟ್ಟು ಮುರಿಯುತ್ತದೆ. ಫಲಕ ನಿಂತ ಜಾಗದಲ್ಲೇ ನಿಂತಿದೆ, ಆದರೆ ಬಿದ್ದವರು ಬಂದ ದಾರಿಯಿಂದ ಅದು ಕಾಣುವುದಿಲ್ಲ.

ಮಾಲೀಕರ ಬಾಯಿಂದ ಬರುವ ಮೊದಲ ಮಾತು ಬಹುತೇಕ ಒಂದೇ: ‘ಫಲಕ ಇಟ್ಟಿದ್ದೆವಲ್ಲ.’ ಬಿದ್ದವರ ಮನೆಯವರ ಮೊದಲ ಮಾತೂ ಒಂದೇ: ‘ನಿಮ್ಮ ಅಂಗಡಿಯಲ್ಲಿ ಬಿದ್ದದ್ದು, ನೀವೇ ಕೊಡಬೇಕು.’ ಈ ಎರಡು ಮಾತುಗಳಲ್ಲಿ ಯಾವುದೊಂದೂ ಪ್ರಕರಣವನ್ನು ತೀರ್ಮಾನಿಸುವುದಿಲ್ಲ. ಹೊಣೆಯ ಪ್ರಶ್ನೆಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಗೆ ಬಿಡಿಸಬೇಕು, ಅದಕ್ಕಾಗಿ ಮಾಲೀಕರು ಮುಂಚೆಯೇ ಏನು ಮಾಡಿಟ್ಟಿರಬೇಕು ಎಂಬುದನ್ನು ಇದೇ ಪ್ರಕರಣವನ್ನು ಮುಂದಿಟ್ಟುಕೊಂಡು ಇಲ್ಲಿ ನೋಡೋಣ. ಕಾಯ್ದೆಯ ವಿವರ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಇಲ್ಲಿ ಹೇಳುವ ತತ್ತ್ವಗಳು ಇಂಗ್ಲಿಷ್ ಕಾನೂನಿನ ಪರಂಪರೆಯಲ್ಲಿ ಬೆಳೆದ ನಿರ್ಲಕ್ಷ್ಯದ ಹೊಣೆಗೆ ಸೇರಿದವು. ದಾವೆ ಹೂಡುವ ಕಾಲಮಿತಿ, ನ್ಯಾಯಾಲಯ, ಪರಿಹಾರದ ಲೆಕ್ಕ ಇವುಗಳನ್ನು ಆಯಾ ಸ್ಥಳದ ವಕೀಲರಿಂದಲೇ ತಿಳಿಯಬೇಕು.

ಹೆಜ್ಜೆ 1: ನೀರು ಅಲ್ಲಿಗೆ ಹೇಗೆ ಬಂತು ಎಂದು ಕೇಳಿಕೊಳ್ಳಿ

ಅಂಗಡಿಯ ನೆಲ ಒದ್ದೆಯಾಗುವುದು ಎರಡು ಬಗೆಯಲ್ಲಿ. ಯಾರೋ ಗ್ರಾಹಕರ ಕೈಯಿಂದ ಬಾಟಲಿ ಬಿದ್ದು ಒಡೆಯಬಹುದು, ಇಲ್ಲವೇ ಅಂಗಡಿಯವರೇ ನೆಲ ಒರೆಸಿರಬಹುದು. ಜಾರುವವರಿಗೆ ಇವೆರಡರಲ್ಲಿ ವ್ಯತ್ಯಾಸವಿಲ್ಲ, ಕಾನೂನಿಗೆ ಬಹಳ ವ್ಯತ್ಯಾಸವಿದೆ.

ಬೇರೆಯವರು ಚೆಲ್ಲಿದ್ದರೆ, ‘ಅದು ನಮಗೆ ಗೊತ್ತಾಗಿರಲಿಲ್ಲ, ಗೊತ್ತಾಗುವಷ್ಟು ಹೊತ್ತೂ ಆಗಿರಲಿಲ್ಲ’ ಎಂದು ಹೇಳಲು ಮಾಲೀಕರಿಗೆ ಒಂದು ಅವಕಾಶವಿದೆ. ಅದೂ ಸುಲಭದ ವಾದವೇನಲ್ಲ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1970ರ ದಶಕದಲ್ಲಿ ತೀರ್ಮಾನಿಸಿದ ಒಂದು ಹೆಸರಾಂತ ಮೊಕದ್ದಮೆಯಲ್ಲಿ, ಸೂಪರ್ ಮಾರ್ಕೆಟ್ಟಿನ ನೆಲದ ಮೇಲೆ ಚೆಲ್ಲಿದ್ದ ಯೋಗರ್ಟ್ ಮೇಲೆ ಕಾಲಿಟ್ಟು ಗ್ರಾಹಕಿಯೊಬ್ಬರು ಬಿದ್ದಿದ್ದರು. ಅದು ಎಷ್ಟು ಹೊತ್ತಿನಿಂದ ಚೆಲ್ಲಿತ್ತೆಂದು ಅವರಿಗೆ ತೋರಿಸಲಾಗಲಿಲ್ಲ. ಆದರೂ, ಇಂಥದ್ದು ಎಚ್ಚರಿಕೆಯಿಂದ ನಡೆಸುವ ಅಂಗಡಿಯಲ್ಲಿ ಸಾಮಾನ್ಯವಾಗಿ ಆಗುವುದಿಲ್ಲವಾದ್ದರಿಂದ, ತಾವು ತಕ್ಕ ಎಚ್ಚರ ವಹಿಸಿದ್ದೆವು ಎಂಬುದನ್ನು ವಿವರಿಸಿ ತೋರಿಸುವ ಭಾರ ಅಂಗಡಿಯವರ ಮೇಲೆಯೇ ಬೀಳುತ್ತದೆ ಎಂದು ನ್ಯಾಯಾಲಯದ ಬಹುಮತ ಹೇಳಿತು. ಪೀಠದ ಒಬ್ಬ ನ್ಯಾಯಾಧೀಶರು ಇದನ್ನು ಒಪ್ಪಲಿಲ್ಲ ಎಂಬುದೂ ನೆನಪಿರಲಿ. ಬೀಳುವುದಕ್ಕೆ ಅರೆಕ್ಷಣ ಮೊದಲು ಚೆಲ್ಲಿದ್ದರೆ ಅಂಗಡಿಯವರು ಏನು ಮಾಡಲು ಸಾಧ್ಯವಿತ್ತು ಎಂಬ ಅವರ ಪ್ರಶ್ನೆ ಇವತ್ತಿಗೂ ತೂಕವುಳ್ಳದ್ದು.

ಒರೆಸಿದ ನೆಲದ ಪ್ರಕರಣದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನೀರು ಹಾಕಿದ್ದು ಅಂಗಡಿಯವರೇ. ನೆಲ ಯಾವಾಗ ಒದ್ದೆಯಾಯಿತು, ಎಲ್ಲಿಂದ ಎಲ್ಲಿಯವರೆಗೆ ಒದ್ದೆಯಾಯಿತು ಎಂಬುದು ಅವರಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತು. ಒರೆಸಿದವರು ಸಂಬಳದ ಕೆಲಸದವರಾದರೆ, ಕೆಲಸದ ಭಾಗವಾಗಿ ಅವರು ಮಾಡಿದ ತಪ್ಪು ಮಾಲೀಕರ ತಪ್ಪೆಂದೇ ಎಣಿಕೆಯಾಗುತ್ತದೆ, ಆ ಹೊತ್ತಿನಲ್ಲಿ ಮಾಲೀಕರು ಊರಲ್ಲೇ ಇಲ್ಲದಿದ್ದರೂ ಸರಿ. ಹಾಗಾಗಿ ‘ಗೊತ್ತಿರಲಿಲ್ಲ’ ಎಂಬ ಮಾತನ್ನು ಮೊದಲೇ ಬದಿಗಿಟ್ಟು, ಉಳಿಯುವ ಒಂದೇ ಪ್ರಶ್ನೆಯತ್ತ ಹೋಗಬೇಕು: ತಾವೇ ಉಂಟುಮಾಡಿದ ಅಪಾಯದಿಂದ ಗ್ರಾಹಕರನ್ನು ಕಾಪಾಡಲು ಒಬ್ಬ ವಿವೇಕಿ ಅಂಗಡಿಕಾರರು ಮಾಡುವಷ್ಟನ್ನು ಇವರು ಮಾಡಿದ್ದರೇ?

ಇದರ ಅರ್ಥ ನೆಲ ಒರೆಸಿದ್ದೇ ತಪ್ಪು ಎಂದಲ್ಲ. ಅಂಗಡಿ ಒರೆಸದೆ ನಡೆಯುವುದಿಲ್ಲ, ಗ್ರಾಹಕರು ಬಿದ್ದರೆಂಬ ಒಂದೇ ಕಾರಣಕ್ಕೆ ಹೊಣೆ ಬರುವುದೂ ಇಲ್ಲ. ಪರಿಶೀಲನೆಯಾಗುವುದು ಒರೆಸಿದ ಸಮಯ, ರೀತಿ ಮತ್ತು ಒಣಗುವವರೆಗೆ ಆ ಜಾಗವನ್ನು ನೋಡಿಕೊಂಡ ಬಗೆ.

ಹೆಜ್ಜೆ 2: ಒರೆಸುವ ಕೆಲಸವನ್ನೇ ಸರಿಪಡಿಸಿ

ಹೊಣೆಯ ಬಹುಪಾಲು ತೀರ್ಮಾನವಾಗುವುದು ಇಲ್ಲಿ, ಯಾರೂ ಬೀಳುವ ಮುನ್ನ. ಆದ್ದರಿಂದ ಈ ಹೆಜ್ಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನುಣುಪಾದ ಟೈಲ್ಸ್ ಮೇಲೆ ಜಾರಲು ನೀರು ನಿಂತಿರಬೇಕಾಗಿಲ್ಲ. ಚೆನ್ನಾಗಿ ಹಿಂಡಿದ ಮಾಪ್ ಕೂಡ ನೆಲದ ಮೇಲೆ ತೆಳ್ಳಗಿನ ನೀರಿನ ಪೊರೆಯನ್ನು ಬಿಡುತ್ತದೆ, ಪಾದರಕ್ಷೆಯ ಅಟ್ಟೆ ಮತ್ತು ನೆಲ ನೇರವಾಗಿ ತಾಗದಂತೆ ಮಾಡಲು ಅಷ್ಟೇ ಸಾಕು. ಬ್ರಿಟನ್ನಿನ ಔದ್ಯೋಗಿಕ ಸುರಕ್ಷತಾ ಇಲಾಖೆ ಅಂಗಡಿ ಮತ್ತು ಕಚೇರಿಗಳಿಗೆ ಕೊಡುವ ಸಲಹೆಯಲ್ಲೂ ಇದನ್ನೇ ಎತ್ತಿ ಹೇಳಿದೆ. ನೆಲದ ಜಾರುವಿಕೆಯನ್ನು ಅಳೆಯಲು ಲೋಲಕ ಪರೀಕ್ಷೆ ಎಂಬುದೊಂದಿದೆ: ರಬ್ಬರಿನ ತುಂಡು ಕಟ್ಟಿದ ಲೋಲಕವೊಂದು ನೆಲವನ್ನು ಉಜ್ಜಿಕೊಂಡು ಹೋಗುವಾಗ ಎಷ್ಟು ತಡೆ ಸಿಗುತ್ತದೆ ಎಂದು ನೋಡುತ್ತಾರೆ. ಬ್ರಿಟನ್ನಿನ ರೂಢಿಯ ಪ್ರಕಾರ 36 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜಾರುವ ಸಂಭವ ಕಡಿಮೆ, 24 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೆಚ್ಚು. ಒಣಗಿದಾಗ ಸುರಕ್ಷಿತವೆನಿಸುವ ನುಣುಪು ಟೈಲ್ಸ್ ಒದ್ದೆಯಾದೊಡನೆ ಕೆಳಗಿನ ವರ್ಗಕ್ಕೆ ಇಳಿಯುವುದು ಸಾಮಾನ್ಯ. ಆದ್ದರಿಂದ ‘ನೋಡಲು ಒದ್ದೆ ಇರಲಿಲ್ಲ’ ಎಂಬ ಕೆಲಸದವರ ಮಾತು ಪ್ರಾಮಾಣಿಕವಾಗಿದ್ದೂ ಪ್ರಯೋಜನಕ್ಕೆ ಬಾರದೆ ಹೋಗಬಹುದು.

ಇನ್ನೊಂದು ಕಾರಣವನ್ನು ಬಹಳ ಮಂದಿ ಗಮನಿಸುವುದಿಲ್ಲ. ನೆಲ ಒರೆಸುವ ದ್ರಾವಣವನ್ನು ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ಬೆರೆಸಿದರೆ, ನೀರು ಆರಿದ ಮೇಲೂ ಅದರ ಜಿಡ್ಡಿನಂಥ ಲೇಪ ನೆಲದ ಮೇಲೆ ಉಳಿಯುತ್ತದೆ. ಮಾರನೆಯ ದಿನ ಒಬ್ಬರ ಚಪ್ಪಲಿಯಿಂದ ನಾಲ್ಕು ಹನಿ ನೀರು ಬಿದ್ದರೂ ಆ ಜಾಗ ಮತ್ತೆ ಜಾರುತ್ತದೆ. ಪರೀಕ್ಷಿಸುವುದು ಸುಲಭ: ಒಣಗಿದ ನೆಲದ ಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಬೆರಳಿನಿಂದ ಒತ್ತಿ ಉಜ್ಜಿ ನೋಡಿ. ಬಟ್ಟೆಯ ಕೆಳಗೆ ನೊರೆ ಅಥವಾ ಲೋಳೆಯಂಥ ನುಣುಪು ಕಂಡರೆ ದ್ರಾವಣ ಹೆಚ್ಚಾಗಿದೆ ಎಂದರ್ಥ.

ಇಷ್ಟು ತಿಳಿದ ಮೇಲೆ ಕ್ರಮ ತಾನಾಗಿಯೇ ಬರುತ್ತದೆ. ಇಡೀ ನೆಲವನ್ನು ಒರೆಸುವ ಕೆಲಸವನ್ನು ಅಂಗಡಿ ತೆರೆಯುವ ಮೊದಲು ಅಥವಾ ಮುಚ್ಚಿದ ಮೇಲೆ ಇಟ್ಟುಕೊಳ್ಳಬೇಕು. ನಡುವೆ ಒರೆಸಲೇಬೇಕಾದರೆ ಕೊಳೆಯಾದಷ್ಟೇ ಜಾಗವನ್ನು ಒರೆಸಬೇಕು. ಒಂದು ಅಂಗೈಯಗಲದ ಕಲೆಗಾಗಿ ಕೌಂಟರಿನ ಮುಂದಿನ ನೆಲವನ್ನೆಲ್ಲ ಒದ್ದೆ ಮಾಡುವುದು ಅಪಾಯವನ್ನು ನಾವೇ ಹರಡಿದಂತೆ. ದೊಡ್ಡ ಜಾಗವಾದರೆ ಅರ್ಧ ಒರೆಸಿ, ಅದು ಒಣಗಿದ ಮೇಲೆ ಉಳಿದರ್ಧ ಒರೆಸಿದರೆ ಓಡಾಡಲು ಒಣ ದಾರಿಯೊಂದು ಸದಾ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒದ್ದೆ ಮಾಪಿನ ಹಿಂದೆಯೇ ಒಣ ಮಾಪ್ ಅಥವಾ ಒಣಬಟ್ಟೆ ಹೋಗಬೇಕು. ನಮ್ಮ ಪ್ರಕರಣದಲ್ಲಿ ಒಣಬಟ್ಟೆಯಿಂದ ಒಮ್ಮೆ ಒರೆಸಿದ್ದರೆ, ಫಲಕದ ಜಾಗ ಸರಿಯೋ ತಪ್ಪೋ ಎಂಬ ಚರ್ಚೆಯೇ ಬಹುಶಃ ಬೇಕಾಗುತ್ತಿರಲಿಲ್ಲ.

ಹೆಜ್ಜೆ 3: ಫಲಕಕ್ಕೆ ಅದರ ಶಕ್ತಿಯಷ್ಟೇ ಬೆಲೆ ಕೊಡಿ

ಇಂಗ್ಲೆಂಡಿನ 1957ರ ಅಧಿಭೋಗದಾರರ, ಅಂದರೆ ಜಾಗವನ್ನು ತಮ್ಮ ವಶದಲ್ಲಿಟ್ಟುಕೊಂಡವರ, ಹೊಣೆಗಾರಿಕೆ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾದ ಅಳತೆಗೋಲನ್ನು ಕೊಟ್ಟಿದೆ, ಆ ಕಾಯ್ದೆ ಅನ್ವಯಿಸದ ಕಡೆಗಳಲ್ಲೂ ಯೋಚಿಸಲು ಅದು ಉಪಯುಕ್ತ: ಎಚ್ಚರಿಕೆ ಕೊಟ್ಟ ಮಾತ್ರಕ್ಕೆ ಹೊಣೆ ತೀರುವುದಿಲ್ಲ, ಎಲ್ಲ ಸಂದರ್ಭಗಳನ್ನು ನೋಡಿದಾಗ ಬಂದವರು ಸಾಕಷ್ಟು ಸುರಕ್ಷಿತವಾಗಿರಲು ಆ ಎಚ್ಚರಿಕೆ ಸಾಲುತ್ತಿತ್ತೇ ಎಂದು ನೋಡಬೇಕು. ಫಲಕವನ್ನು ಈ ಅಳತೆಗೆ ಹಿಡಿದರೆ ಕೇಳಬೇಕಾದದ್ದು ಮೂರೇ. ಒದ್ದೆ ಜಾಗಕ್ಕೆ ಬರುವ ಪ್ರತಿಯೊಂದು ದಾರಿಯಿಂದಲೂ ಅದು ಕಾಣುತ್ತಿತ್ತೇ? ಕಾಲಿಡುವ ಮುನ್ನ, ನಿಲ್ಲಲು ಅಥವಾ ದಾರಿ ಬದಲಿಸಲು ಸಮಯವಿರುವಷ್ಟು ದೂರದಿಂದ ಕಾಣುತ್ತಿತ್ತೇ? ಕಂಡ ಮೇಲೆ ಹೋಗಲು ಬೇರೆ ದಾರಿ ಇತ್ತೇ?

ಮೂರನೆಯದನ್ನು ಅಂಗಡಿಯವರು ಬಹಳ ಸಲ ಮರೆಯುತ್ತಾರೆ. ಬಿಲ್ ಕೌಂಟರಿಗೆ ಇರುವುದು ಒಂದೇ ದಾರಿ, ಆ ದಾರಿಯೇ ಒದ್ದೆ ಎಂದಾದರೆ, ಫಲಕ ಎಷ್ಟು ದೊಡ್ಡದಿದ್ದರೂ ಗ್ರಾಹಕರು ಹಣ ಕೊಡಲು ಅದರ ಮೇಲೆಯೇ ನಡೆಯಬೇಕು. ಅಲ್ಲಿ ಎಚ್ಚರಿಕೆಯ ಬದಲು ತಡೆ ಬೇಕು: ಒಂದು ಹಗ್ಗ, ಅಡ್ಡಲಾಗಿ ನಿಲ್ಲಿಸಿದ ಎರಡು ಕಂಬ, ಅಥವಾ ಒಣಗುವವರೆಗೆ ಅಲ್ಲೇ ನಿಂತು ‘ಈ ಕಡೆಯಿಂದ ಬನ್ನಿ’ ಎನ್ನುವ ಒಬ್ಬ ಮನುಷ್ಯ. ಫಲಕದ ಮೇಲಿನ ಬರಹಕ್ಕಿಂತ, ಜಾರುತ್ತಿರುವ ಮನುಷ್ಯನ ಆಕೃತಿಯುಳ್ಳ ಹಳದಿ ತ್ರಿಕೋನ ಒಳ್ಳೆಯದು. ಅದು ಅಂತರರಾಷ್ಟ್ರೀಯವಾಗಿ ಒಪ್ಪಿದ ಚಿಹ್ನೆ, ಓದು ಬಾರದವರಿಗೂ ಮಕ್ಕಳಿಗೂ ತಿಳಿಯುತ್ತದೆ.

ಫಲಕಕ್ಕೆ ಇನ್ನೊಂದು ರೋಗವಿದೆ. ನೆಲ ಒಣಗಿದರೂ ಅದನ್ನು ತೆಗೆಯದೆ ದಿನವಿಡೀ ಅಲ್ಲೇ ಬಿಡುವುದು. ದಿನಾ ಬರುವ ಗ್ರಾಹಕರಿಗೆ ಅದು ಪೀಠೋಪಕರಣದಂತಾಗಿಬಿಡುತ್ತದೆ, ಯಾರೂ ಅದನ್ನು ನಂಬುವುದಿಲ್ಲ. ಸಿಸಿಟಿವಿಯಲ್ಲಿ ಬೆಳಿಗ್ಗೆಯಿಂದ ಒಂದೇ ಜಾಗದಲ್ಲಿ ನಿಂತ ಫಲಕ ಕಂಡರೆ, ಸಂಜೆಯ ಒದ್ದೆಗೆ ಎಚ್ಚರಿಕೆ ಕೊಟ್ಟೆವು ಎಂಬ ವಾದ ತಾನಾಗಿಯೇ ಸಡಿಲವಾಗುತ್ತದೆ.

‘ಗಾಯಗಳಿಗೆ ಮಾಲೀಕರು ಜವಾಬ್ದಾರರಲ್ಲ’ ಎಂದು ಗೋಡೆಗೆ ಅಂಟಿಸುವ ಕಾಗದವನ್ನು ನೆಚ್ಚಬೇಡಿ. ಇಂಗ್ಲೆಂಡಿನಲ್ಲಿ, ನಿರ್ಲಕ್ಷ್ಯದಿಂದಾದ ಸಾವು ಅಥವಾ ದೇಹದ ಗಾಯದ ಹೊಣೆಯನ್ನು ವ್ಯಾಪಾರಿಯೊಬ್ಬ ಗ್ರಾಹಕರ ವಿರುದ್ಧ ಇಂಥ ಸೂಚನೆಯಿಂದ ಕಳಚಿಕೊಳ್ಳಲು ಕಾಯ್ದೆಯೇ ಬಿಡುವುದಿಲ್ಲ.

ಹೆಜ್ಜೆ 4: ಬಿದ್ದ ಮೇಲಿನ ಮೊದಲ ಅರ್ಧ ಗಂಟೆ

ಮೊದಲು ಬಿದ್ದವರನ್ನು ನೋಡಿಕೊಳ್ಳಿ. ಎಳೆದು ಎಬ್ಬಿಸಬೇಡಿ, ಸೊಂಟ, ತಲೆ, ಕುತ್ತಿಗೆಗೆ ಪೆಟ್ಟಾಗಿದ್ದರೆ ಎಬ್ಬಿಸುವುದರಿಂದಲೇ ಹೆಚ್ಚಿನ ಹಾನಿಯಾಗಬಹುದು. ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ ಮಾಡಿ, ಜೊತೆಗೆ ಒಬ್ಬರನ್ನು ಕಳುಹಿಸಿ. ಸಹಾಯ ಮಾಡುವುದು ಬೇರೆ, ತಪ್ಪೊಪ್ಪಿಕೊಳ್ಳುವುದು ಬೇರೆ. ‘ನಿಮಗೆ ಹೀಗಾಯಿತಲ್ಲ, ಬೇಸರವಾಗುತ್ತಿದೆ’ ಎನ್ನಲು ಹಿಂಜರಿಯಬೇಕಾಗಿಲ್ಲ. ಆದರೆ ಗಾಬರಿಯಲ್ಲಿ ‘ಎಲ್ಲಾ ನಮ್ಮದೇ ತಪ್ಪು, ಖರ್ಚೆಲ್ಲ ನಾವೇ ಕೊಡುತ್ತೇವೆ’ ಎಂದುಬಿಟ್ಟರೆ, ಏನಾಯಿತೆಂದು ಪೂರ್ತಿ ತಿಳಿಯುವ ಮೊದಲೇ ಮಾತು ಕೊಟ್ಟಂತಾಗುತ್ತದೆ. ಹೊಣೆಗಾರಿಕೆಯ ವಿಮೆ ಇದ್ದರಂತೂ, ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು ಮತ್ತು ಘಟನೆಯನ್ನು ತಡಮಾಡದೆ ತಿಳಿಸಬೇಕು ಎಂಬ ಷರತ್ತು ಅಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿರುತ್ತದೆ. ನೋವಿನಲ್ಲಿರುವ ಮನುಷ್ಯರಿಂದ ‘ನನ್ನ ತಪ್ಪಿನಿಂದ ಬಿದ್ದೆ’ ಎಂದು ಬರೆಸಿ ಸಹಿ ಹಾಕಿಸುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಅದು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ, ನಿಮ್ಮ ಮೇಲಿನ ನಂಬಿಕೆಯನ್ನು ಮಾತ್ರ ಹಾಳುಮಾಡುತ್ತದೆ.

ನೆಲವನ್ನು ಒಣಗಿಸುವ ಮುನ್ನ ಫೋಟೊ ತೆಗೆಯಿರಿ. ಬಿದ್ದ ಜಾಗದ್ದು ಒಂದು, ಫಲಕದ್ದು ಒಂದು, ಎಲ್ಲಕ್ಕಿಂತ ಮುಖ್ಯವಾಗಿ ಬಿದ್ದವರು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಿ, ಅವರ ಕಣ್ಣಿನ ಎತ್ತರದಿಂದ ಒಂದು. ಫಲಕ ಕಾಣುತ್ತಿತ್ತೋ ಇಲ್ಲವೋ ಎಂಬುದಕ್ಕೆ ಆ ಕೊನೆಯ ಫೋಟೊಗಿಂತ ಒಳ್ಳೆಯ ಸಾಕ್ಷಿ ಇರುವುದಿಲ್ಲ, ಅದು ನಿಮಗೆ ವಿರುದ್ಧವಾಗಿದ್ದರೂ ತೆಗೆದಿಡಬೇಕು. ಫೋಟೊ ತೆಗೆಯುವ ಮೊದಲು ಫಲಕವನ್ನು ‘ಸರಿಯಾದ’ ಜಾಗಕ್ಕೆ ಸರಿಸುವ ಆಸೆ ಬಂದೀತು; ಸಿಸಿಟಿವಿ ಅದನ್ನೂ ದಾಖಲಿಸುತ್ತಿರುತ್ತದೆ.

ಸಿಸಿಟಿವಿ ಯಂತ್ರಗಳು ಜಾಗ ತುಂಬಿದಾಗ ಹಳೆಯ ದೃಶ್ಯದ ಮೇಲೆ ಹೊಸದನ್ನು ತಾವಾಗಿಯೇ ಬರೆಯುತ್ತವೆ. ಆದ್ದರಿಂದ ಅದೇ ದಿನ ಪ್ರತಿ ತೆಗೆದಿಡಿ. ಬಿದ್ದ ಹತ್ತು ಸೆಕೆಂಡುಗಳನ್ನು ಮಾತ್ರ ಉಳಿಸುವುದು ದೊಡ್ಡ ತಪ್ಪು. ಒರೆಸಲು ಶುರುಮಾಡುವ ಮುಂಚಿನ ಹೊತ್ತಿನಿಂದ ಹಿಡಿದು ಗ್ರಾಹಕರು ಹೊರಗೆ ಹೋಗುವವರೆಗಿನ ಪೂರ್ತಿ ದೃಶ್ಯ ಬೇಕು, ಏಕೆಂದರೆ ಚರ್ಚೆಯಾಗುವುದು ಯಾವಾಗ ಒರೆಸಿದರು, ಒಣಬಟ್ಟೆ ಹಾಕಿದರೇ, ಎಷ್ಟು ಮಂದಿ ಅಲ್ಲಿ ಸುರಕ್ಷಿತವಾಗಿ ದಾಟಿದರು ಎಂಬುದರ ಮೇಲೆ. ದೃಶ್ಯ ಇದ್ದೂ ಅಳಿಸಿಹೋಯಿತೆಂದರೆ, ಅದರಲ್ಲಿ ನಿಮಗೆ ಪ್ರತಿಕೂಲವಾದದ್ದೇ ಇತ್ತೆಂದು ನ್ಯಾಯಾಲಯ ಊಹಿಸಬಹುದು.

ಘಟನೆಯ ವರದಿಯನ್ನು ಕಂಡದ್ದನ್ನಷ್ಟೇ ಬರೆದು ಮುಗಿಸಿ. ‘ಗ್ರಾಹಕರು ಅಜಾಗರೂಕತೆಯಿಂದ ನಡೆದು ಬಿದ್ದರು’ ಎಂಬುದು ತೀರ್ಪು. ‘6.14ಕ್ಕೆ ಎರಡನೆಯ ಓಣಿಯಿಂದ ಎಡಕ್ಕೆ ತಿರುಗುವಾಗ ಬಲಗಾಲು ಮುಂದಕ್ಕೆ ಜಾರಿತು, ಬಲಗೈ ಊರಿ ಬಿದ್ದರು, ರಬ್ಬರ್ ಅಟ್ಟೆಯ ಚಪ್ಪಲಿ ಹಾಕಿದ್ದರು, ಫಲಕ ಮೊದಲನೆಯ ಓಣಿಯ ತುದಿಯಲ್ಲಿತ್ತು’ ಎಂಬುದು ವರದಿ. ಒರೆಸಿದವರ ಹೇಳಿಕೆಯನ್ನು ಅವರದೇ ಮಾತಿನಲ್ಲಿ, ಅಂದೇ ಬರೆದುಕೊಳ್ಳಿ.

ಬಿದ್ದವರಿಗೂ ಇದೇ ಕ್ರಮ ಅನ್ವಯಿಸುತ್ತದೆ: ಚಪ್ಪಲಿಯನ್ನು ತೊಳೆಯದೆ ಎತ್ತಿಡುವುದು, ಅಂದೇ ವೈದ್ಯರಿಗೆ ತೋರಿಸಿ ಹೇಗೆ ಬಿದ್ದಿರೆಂದು ದಾಖಲಿಸುವುದು, ಸಿಸಿಟಿವಿ ಉಳಿಸುವಂತೆ ಅಂಗಡಿಗೆ ಬರಹದಲ್ಲಿ ಕೇಳುವುದು.

ಹೆಜ್ಜೆ 5: ಹೊಣೆಯ ಪಾಲನ್ನು ಲೆಕ್ಕ ಹಾಕಿ

ಈಗ ನಮ್ಮ ಪ್ರಕರಣಕ್ಕೆ ಹಿಂತಿರುಗೋಣ. ಗ್ರಾಹಕರ ವಿಷಯದಲ್ಲಿ ಎಚ್ಚರ ವಹಿಸುವ ಕರ್ತವ್ಯ ಮಾಲೀಕರಿಗಿತ್ತು ಎಂಬುದರಲ್ಲಿ ವಾದವಿಲ್ಲ. ಆ ಕರ್ತವ್ಯಕ್ಕೆ ಲೋಪವಾಯಿತೇ? ಗಿರಾಕಿಗಳು ಓಡಾಡುವ ಸಂಜೆಯ ಹೊತ್ತಿನಲ್ಲಿ, ಎಲ್ಲರೂ ಹಾದುಹೋಗಲೇಬೇಕಾದ ಜಾಗವನ್ನು ಒರೆಸಿದ್ದಾರೆ, ಒಣಬಟ್ಟೆ ಹಾಕಿಲ್ಲ, ಎರಡು ದಾರಿಗೆ ಒಂದೇ ಫಲಕವಿಟ್ಟಿದ್ದಾರೆ, ಒಣಗುವ ಮುನ್ನ ಜಾಗ ಬಿಟ್ಟು ಹೋಗಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಲೋಪ ಸ್ಪಷ್ಟವಾಗಿದೆ. ಬಿದ್ದದ್ದು ಆ ಒದ್ದೆಯಿಂದಲೇ ಎಂಬುದನ್ನು ತೋರಿಸುವ ಭಾರ ಗ್ರಾಹಕರದು. ಹಿಮ್ಮಡಿ ಮುಂದಕ್ಕೆ ಜಾರಿದ ದೃಶ್ಯ, ಬಟ್ಟೆಗೆ ಹತ್ತಿದ ತೇವ ಅದಕ್ಕೆ ಸಾಕಾಗುತ್ತದೆ. ಬುಟ್ಟಿ ಕಾಲಿಗೆ ತೊಡರಿ ಬಿದ್ದದ್ದು ಸಿಸಿಟಿವಿಯಲ್ಲಿ ಕಂಡಿದ್ದರೆ, ನೆಲ ಒದ್ದೆಯಿದ್ದರೂ ಪ್ರಕರಣ ಅಲ್ಲಿಗೇ ನಿಲ್ಲುತ್ತಿತ್ತು.

ಗ್ರಾಹಕರ ಪಾಲೇನು? ತಿರುಗುವಾಗ ಅವರು ಮೊಬೈಲ್ ನೋಡುತ್ತಿದ್ದರು ಎಂದಿಟ್ಟುಕೊಳ್ಳಿ. ತನ್ನ ಸುರಕ್ಷತೆಯ ಬಗ್ಗೆ ತಾನೇ ಅಸಡ್ಡೆ ತೋರಿದವರಿಗೆ ಆ ಮಟ್ಟಿಗೆ ಪರಿಹಾರ ಕಡಿಮೆಯಾಗುತ್ತದೆ. ನ್ಯಾಯಾಲಯವು ಅವರ ಪಾಲನ್ನು ನೂರಕ್ಕೆ 20 ಎಂದು ಕಂಡರೆ, ನಷ್ಟದ ಒಟ್ಟು ಮೊತ್ತ 100 ಆಗಿದ್ದಲ್ಲಿ ಸಿಗುವುದು 80. ಈ 20 ಎಂಬುದು ನಿಗದಿಯಾದ ಸೂತ್ರವಲ್ಲ, ಪ್ರತಿ ಪ್ರಕರಣದ ಸಂಗತಿಗಳ ಮೇಲೆ ಬದಲಾಗುವ ಅಂದಾಜು. ನೋಡಿದ್ದರೂ ಕಾಣದಷ್ಟು ತೆಳುವಾದ ಪೊರೆಯಾಗಿದ್ದರೆ ಮೊಬೈಲಿನ ಮಾತಿಗೆ ತೂಕ ಬಹಳ ಕಡಿಮೆ. ಅದೇ ಗ್ರಾಹಕರು ಎರಡೂ ದಾರಿಗೆ ಕಟ್ಟಿದ ಹಗ್ಗವನ್ನು ದಾಟಿ ಒಳಗೆ ಬಂದಿದ್ದರೆ ಚಿತ್ರವೇ ತಿರುಗುತ್ತದೆ, ಮಾಲೀಕರು ಮಾಡಬೇಕಾದದ್ದನ್ನು ಮಾಡಿದ್ದರು ಎಂದೇ ತೀರ್ಮಾನವಾಗುವ ಸಾಧ್ಯತೆ ಹೆಚ್ಚು. ಪಾಲು ಹಂಚುವ ಪದ್ಧತಿ ಎಲ್ಲ ಕಡೆಯೂ ಇದೆಯೆಂದಲ್ಲ ಎಂಬುದನ್ನೂ ತಿಳಿದಿರಬೇಕು: ಅಮೆರಿಕದ ಕೆಲವೇ ರಾಜ್ಯಗಳಲ್ಲಿ ಬಿದ್ದವರ ತಪ್ಪು ಅಲ್ಪವಾಗಿದ್ದರೂ ಪರಿಹಾರವೇ ಸಿಗದ ಹಳೆಯ ನಿಯಮ ಉಳಿದುಕೊಂಡಿದೆ.

ಬಿದ್ದವರ ಮೂಳೆ ವಯಸ್ಸಿನಿಂದ ಸವೆದಿತ್ತು, ಗಟ್ಟಿ ಮೂಳೆಯಾಗಿದ್ದರೆ ಮುರಿಯುತ್ತಿರಲಿಲ್ಲ ಎಂಬ ವಾದವನ್ನು ಮಾಲೀಕರು ಹೂಡುವುದುಂಟು. ಅದು ನಿಲ್ಲುವುದಿಲ್ಲ. ಎದುರಿಗೆ ಸಿಕ್ಕವರು ಹೇಗಿದ್ದಾರೋ ಹಾಗೆಯೇ ಅವರ ನಷ್ಟ ತುಂಬಿಕೊಡಬೇಕೆಂಬುದು ಈ ಕಾನೂನಿನ ಹಳೆಯ ನಿಯಮ.

ಹೆಜ್ಜೆ 6: ಒರೆಸುವ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ

ಸ್ವಚ್ಛತೆಯನ್ನು ಹೊರಗಿನ ಸಂಸ್ಥೆಗೆ ಒಪ್ಪಿಸಿದ ಮಾಲೀಕರು ತಮ್ಮ ಹೊಣೆಯೂ ಅದರೊಂದಿಗೆ ಹೋಯಿತೆಂದು ಭಾವಿಸುತ್ತಾರೆ. ಸ್ವತಂತ್ರ ಗುತ್ತಿಗೆದಾರರ ತಪ್ಪಿಗೆ ಮಾಲೀಕರು ಸಾಮಾನ್ಯವಾಗಿ ನೇರ ಹೊಣೆಗಾರರಲ್ಲ ಎಂಬುದು ನಿಜ. ಆದರೆ ಯೋಗ್ಯರನ್ನು ಆರಿಸಿದರೇ, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಆಗಾಗ ನೋಡಿದರೇ ಎಂಬ ಪ್ರಶ್ನೆ ಅವರದ್ದೇ ಆಗಿ ಉಳಿಯುತ್ತದೆ. ಮೇಲಾಗಿ, ‘ಸಂಜೆ ಆರಕ್ಕೆ ಬಂದು ಒರೆಸಿ ಹೋಗಿ’ ಎಂದು ಸಮಯ ಗೊತ್ತು ಮಾಡಿದವರು ಮಾಲೀಕರೇ ಆಗಿದ್ದರೆ, ನೆಲ ಒದ್ದೆಯಿರುವುದನ್ನು ಕಣ್ಣಾರೆ ಕಂಡೂ ಕೌಂಟರಿನಲ್ಲಿ ಕುಳಿತು ಬಿಲ್ ಮಾಡುತ್ತಿದ್ದರೆ, ಗುತ್ತಿಗೆಯ ಕಾಗದ ಅವರನ್ನು ಕಾಪಾಡುವುದಿಲ್ಲ. ಆ ಕಾಗದದಲ್ಲಿ ಒರೆಸುವ ಸಮಯ, ಒಣಬಟ್ಟೆ ಹಾಕುವ ಕ್ರಮ, ಒಣಗುವವರೆಗೆ ಯಾರು ನಿಲ್ಲಬೇಕು, ಗುತ್ತಿಗೆದಾರರ ತಪ್ಪಿನಿಂದ ಮಾಲೀಕರು ಪರಿಹಾರ ಕೊಡಬೇಕಾಗಿ ಬಂದರೆ ಅದನ್ನು ಯಾರು ತುಂಬಿಕೊಡಬೇಕು ಎಂಬ ನಾಲ್ಕು ಸಾಲುಗಳನ್ನು ಮೊದಲೇ ಬರೆಸಿಕೊಳ್ಳಿ. ನಾಲ್ಕನೆಯ ಸಾಲು ಮಾಲೀಕರು ಮತ್ತು ಗುತ್ತಿಗೆದಾರರ ನಡುವಿನ ಲೆಕ್ಕವಷ್ಟೇ. ಮಣಿಕಟ್ಟು ಮುರಿದುಕೊಂಡವರು ಅದಕ್ಕಾಗಿ ಕಾಯಬೇಕಾಗಿಲ್ಲ, ಅವರು ಇಬ್ಬರ ಮೇಲೂ ಒಟ್ಟಿಗೆ ದಾವೆ ಹೂಡಬಹುದು.